ಹದಿನೆಂಟು ಪುಟದ ರಿಪೋರ್ಟು, ಒಂದೇ ಪೋಸ್ಟರು

1/7

ಲ್ಯಾಬ್ ರಿಪೋರ್ಟಿಗೆ ಸಹಿ ಬಿದ್ದ ಮೇಲೆ ಕೆಲಸ ಮುಗೀತು ಅಂದ್ಕೊಳ್ತೀವಿ. ಆಮೇಲೆ ನೋಟಿಸ್ ಬರುತ್ತೆ: "ಎಲ್ಲ ಗ್ರೂಪುಗಳೂ ಒಂದೊಂದು ಪೋಸ್ಟರ್ ತರಬೇಕು." ಆಗ ನಮ್ಮಲ್ಲಿ ಬಹಳಷ್ಟು ಜನ ಮಾಡೋದು ಒಂದೇ. ರಿಪೋರ್ಟಿನ ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ ಎಲ್ಲವನ್ನೂ ಕಾಪಿ ಮಾಡಿ ನಾಲ್ಕು ಕಾಲಮ್ಮಿಗೆ ಅಂಟಿಸಿಬಿಡೋದು. ಅದು ಗೋಡೆಗೆ ಹಚ್ಚಿದ ರಿಪೋರ್ಟ್ ಆಗುತ್ತೆ, ಪೋಸ್ಟರ್ ಆಗಲ್ಲ. ಜನ ಹತ್ತಿರ ಬರ್ತಾರೆ, ಹೆಡ್ಡಿಂಗ್ ಓದ್ತಾರೆ, ಫೋಟೊ ನೋಡ್ತಾರೆ, ಮುಂದಕ್ಕೆ ಹೋಗ್ತಾರೆ.

ನಮ್ಮ ಗ್ರೂಪಿನ ಪೋಸ್ಟರನ್ನೇ ಇಟ್ಟುಕೊಂಡು ಈ ಏಳು ಪೋಸ್ಟುಗಳಲ್ಲಿ ಹೇಳ್ತೀನಿ. ವಿಷಯ ಕಾಫಿ ತೋಟದ ಮಣ್ಣು. ಸಕಲೇಶಪುರಕ್ಕೂ ಆಲೂರಿಗೂ ನಡುವಿನ ಗುಡ್ಡದಲ್ಲಿ ನಮ್ಮ ಕ್ಲಾಸ್‌ಮೇಟ್ ಒಬ್ಬಳ ಮನೆಯವರ ಸಣ್ಣ ತೋಟ ಇದೆ. ಅದರ ಕೆಳಗಿನ ಬ್ಲಾಕಿಗೆ ಹಿಂದಿನ ವರ್ಷ ಮಳೆ ಮುಗಿದ ಮೇಲೆ ಕೃಷಿ ಸುಣ್ಣ ಹಾಕಿದ್ದರು. ಮೇಲಿನ ಬ್ಲಾಕಿಗೆ ಹಾಕಿರಲಿಲ್ಲ. ಎರಡೂ ಕಡೆಯಿಂದ ಆರಾರು ಸ್ಯಾಂಪಲ್ ತಂದು ಪಿಎಚ್ ನೋಡಿದೆವು. ಅಷ್ಟೇ ಪ್ರಯೋಗ.

ಇದು ಯಾಕೆ ಮುಖ್ಯ ಅಂದರೆ, ನಮ್ಮ ಕಡೆ ಮಳೆ ಜೋರು. ಮಣ್ಣಿನಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿನ ಜೊತೆ ತೊಳೆದುಹೋಗುತ್ತೆ. ಅಮೋನಿಯಂ ಇರೋ ಗೊಬ್ಬರ ವರ್ಷ ವರ್ಷ ಬಿದ್ದಾಗಲೂ ಮಣ್ಣು ನಿಧಾನಕ್ಕೆ ಹುಳಿಯಾಗುತ್ತೆ. ಪಿಎಚ್ ತುಂಬಾ ಕೆಳಗಿಳಿದರೆ ಅಲ್ಯೂಮಿನಿಯಂ ಕರಗಿ ಬೇರಿಗೆ ತೊಂದರೆ ಕೊಡುತ್ತೆ. ಹಾಕಿದ ಗೊಬ್ಬರವೂ ಗಿಡಕ್ಕೆ ಸರಿಯಾಗಿ ಸಿಗಲ್ಲ. ಹಾಗಾಗಿ ನಮ್ಮ ಪೋಸ್ಟರ್ ನೋಡೋಕೆ ಮೇಷ್ಟ್ರುಗಳಷ್ಟೇ ಅಲ್ಲ, ತೋಟ ಇರೋ ಅಪ್ಪ-ಅಮ್ಮಂದಿರೂ ಬರ್ತಾರೆ ಅಂತ ನಮಗೆ ಗೊತ್ತಿತ್ತು. ಅವರು ಅದನ್ನು ಓದಿ ದುಡ್ಡು ಖರ್ಚು ಮಾಡೋ ತೀರ್ಮಾನ ತಗೊಳ್ಳಬಹುದು. ಆ ಯೋಚನೆಯಿಂದಲೇ ಪೋಸ್ಟರ್ ಕೆಲಸ ಶುರುವಾಯ್ತು.

2/7

ಮೊದಲು ಕಂಪ್ಯೂಟರ್ ತೆಗೀಬೇಡಿ. ಒಂದು ಬಿಳಿ ಹಾಳೆ ತಗೊಂಡು ಒಂದು ವಾಕ್ಯ ಬರೀರಿ. ಪೋಸ್ಟರ್ ನೋಡಿದವನು ಮನೆಗೆ ಹೋಗಿ ಇನ್ನೊಬ್ಬರಿಗೆ ಹೇಳಬೇಕಾದ ವಾಕ್ಯ ಅದು. ಪೋಸ್ಟರಿನಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಇರಬೇಕು.

2019ರಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪಿಎಚ್‌ಡಿ ಮಾಡ್ತಿದ್ದ ಮೈಕ್ ಮಾರಿಸನ್ ಒಂದು ವಿಡಿಯೊ ಹಾಕಿದ್ದರು. ಅವರು ಹೇಳಿದ್ದು ಇಷ್ಟೇ: ಪೋಸ್ಟರಿನ ಮಧ್ಯದಲ್ಲಿ, ಆಡುಮಾತಿಗೆ ಹತ್ತಿರದ ಭಾಷೆಯಲ್ಲಿ, ಮುಖ್ಯ ತಿಳಿವಳಿಕೆಯನ್ನು ದೊಡ್ಡದಾಗಿ ಬರೆಯಿರಿ. ಉಳಿದದ್ದು ಪಕ್ಕಕ್ಕೆ ಹೋಗಲಿ. ಆಮೇಲೆ ಪ್ರಪಂಚದ ಎಷ್ಟೋ ಕಡೆ ಸಮ್ಮೇಳನಗಳಲ್ಲಿ ಈ ತರದ ಪೋಸ್ಟರುಗಳು ಕಾಣಿಸಿಕೊಂಡವು. ಆದರೆ ದೊಡ್ಡದಾಗಿ ಬರೆಯೋದಕ್ಕೆ ಒಂದು ಅಪಾಯವೂ ಇದೆ. ದೊಡ್ಡ ಅಕ್ಷರದಲ್ಲಿ ಬರೆದದ್ದನ್ನು ಜನ ನಂಬಿಬಿಡ್ತಾರೆ. ಹಾಗಾಗಿ ಆ ವಾಕ್ಯದ ಭಾರವನ್ನು ನಮ್ಮ ಡೇಟಾ ಹೊರಬೇಕು.

ನಮ್ಮ ರಿಪೋರ್ಟಿನ ಹೆಡ್ಡಿಂಗ್ ಹೀಗಿತ್ತು: "ಕಾಫಿ ತೋಟದ ಮಣ್ಣಿನ ಪಿಎಚ್ ಮೇಲೆ ಸುಣ್ಣದ ಪರಿಣಾಮದ ಅಧ್ಯಯನ." ರಿಪೋರ್ಟಿಗೆ ಇದು ಸರಿ. ಪೋಸ್ಟರಿಗೆ ಸಾಲದು, ಯಾಕಂದ್ರೆ ಏನು ನೋಡಿದ್ವಿ ಅನ್ನೋದಷ್ಟೇ ಅದರಲ್ಲಿದೆ, ಏನು ಸಿಕ್ತು ಅನ್ನೋದಿಲ್ಲ.

ಹಾಳೆ ಮೇಲೆ ಬಂದ ಎರಡನೇ ವಾಕ್ಯ: "ಸಕಲೇಶಪುರದ ಹುಳಿ ಮಣ್ಣಿಗೆ ಸುಣ್ಣವೇ ಮದ್ದು." ಕೇಳೋಕೆ ಭರ್ಜರಿ. ಆದರೆ ನಾವು ನೋಡಿದ್ದು ಒಂದು ತೋಟ, 12 ಸ್ಯಾಂಪಲ್. ಇಡೀ ತಾಲ್ಲೂಕಿನ ಬಗ್ಗೆ ಮಾತಾಡೋಕೆ ನಾವ್ಯಾರು? ಅದು ಹೋಯ್ತು.

ಮೂರನೇದು: "ಸುಣ್ಣ ಹಾಕಿದ್ದರಿಂದ ಮಣ್ಣಿನ ಪಿಎಚ್ 1ರಷ್ಟು ಏರಿತು." ಇಲ್ಲಿ ಸ್ವಲ್ಪ ನಿಂತು ಯೋಚಿಸಿ. "ಏರಿತು" ಅನ್ನಬೇಕಾದರೆ ಸುಣ್ಣ ಹಾಕೋಕೆ ಮುಂಚಿನ ಅಳತೆ ಬೇಕು. ಅದು ಯಾರ ಹತ್ತಿರವೂ ಇರಲಿಲ್ಲ. ಇನ್ನೊಂದು, ಸುಣ್ಣ ಬಿದ್ದದ್ದು ಕೆಳಗಿನ ಬ್ಲಾಕಿಗೆ. ಗುಡ್ಡದ ಮೇಲಿಂದ ಮಳೆ ತೊಳೆದ ಕ್ಯಾಲ್ಸಿಯಂ ಒಂದಿಷ್ಟು ಕೆಳಗೆ ಬಂದು ಸೇರುತ್ತೆ. ಸುಣ್ಣ ಹಾಕದಿದ್ದರೂ ಕೆಳಗಿನ ಮಣ್ಣು ಸ್ವಲ್ಪ ಕಡಿಮೆ ಹುಳಿ ಇದ್ದಿರಬಹುದು. ನಮ್ಮ 12 ಸ್ಯಾಂಪಲ್ ಈ ಎರಡನ್ನೂ ಬೇರೆ ಬೇರೆ ಮಾಡಿ ಹೇಳಲಾರವು. ಹಾಗಾಗಿ "ಹಾಕಿದ್ದರಿಂದ" ಅನ್ನೋ ಪದ ಹೋಯ್ತು.

ಕೊನೆಗೆ ಉಳಿದದ್ದು:

ಸುಣ್ಣ ಹಾಕಿದ ಬ್ಲಾಕಿನ ಮಣ್ಣು,
ಹಾಕದ ಬ್ಲಾಕಿಗಿಂತ ಕಡಿಮೆ ಹುಳಿ.

ಎಂಟು ಪದ. ಅದರ ಕೆಳಗೆ ಸಣ್ಣದಾಗಿ: "ಒಂದೇ ತೋಟ, 12 ಸ್ಯಾಂಪಲ್. ಪಿಎಚ್ ವ್ಯತ್ಯಾಸ ಸುಮಾರು 1." ನೋಡಿದ್ದಷ್ಟನ್ನೇ ಹೇಳಿದೆ. ಯಾರಾದರೂ ಬಂದು "ಹೌದಾ?" ಅಂತ ಕೇಳಿದರೆ ಧೈರ್ಯವಾಗಿ "ಹೌದು" ಅನ್ನಬಹುದು.

3/7

ಈಗ ಚಿತ್ರ. ವಾಕ್ಯ ಒಂದೇ ಆದಮೇಲೆ, ಅದಕ್ಕೆ ಸಾಕ್ಷಿ ಹೇಳೋ ಚಿತ್ರವೂ ಒಂದೇ ಸಾಕು.

ನಮ್ಮ ಅಳತೆಗಳು ಇವು. ಸುಣ್ಣ ಹಾಕದ ಬ್ಲಾಕ್: 4.9, 5.0, 5.1, 5.1, 5.2, 5.3. ಸುಣ್ಣ ಹಾಕಿದ ಬ್ಲಾಕ್: 5.3, 5.9, 6.0, 6.1, 6.1, 6.2.

ಕೈ ಸೀದಾ ಬಾರ್ ಚಾರ್ಟಿಗೇ ಹೋಗುತ್ತೆ. ಎರಡು ಸರಾಸರಿ, ಎರಡು ಕಂಬ. ಪಿಎಚ್‌ಗೆ ಅದು ಒಗ್ಗಲ್ಲ, ಮೂರು ಕಾರಣಕ್ಕೆ.

ಒಂದು. ಬಾರ್ ಚಾರ್ಟಿನ ಕಂಬ ಸೊನ್ನೆಯಿಂದ ಶುರುವಾಗಬೇಕು, ಯಾಕಂದ್ರೆ ಕಣ್ಣು ಕಂಬದ ಉದ್ದವನ್ನೇ ಅಳೆಯುತ್ತೆ. ಪಿಎಚ್‌ನಲ್ಲಿ ಸೊನ್ನೆ ಅಂದರೆ "ಏನೂ ಇಲ್ಲ" ಅಂತ ಅಲ್ಲ, ಅದು ಭಯಂಕರ ಹುಳಿ. ಅಲ್ಲಿಂದ ಕಂಬ ಎಬ್ಬಿಸಿದರೆ ಉದ್ದಕ್ಕೆ ಅರ್ಥವೇ ಇರಲ್ಲ.

ಎರಡು. ಪಿಎಚ್ ಲಾಗ್ ಅಳತೆ. 5ಕ್ಕೂ 6ಕ್ಕೂ ಒಂದೇ ಅಂಕಿ ವ್ಯತ್ಯಾಸ, ಆದರೆ ಹೈಡ್ರೋಜನ್ ಅಯಾನಿನ ಸಾಂದ್ರತೆ ಹತ್ತು ಪಟ್ಟು ಬದಲಾಗಿರುತ್ತೆ. ಸೊನ್ನೆಯಿಂದ ಎದ್ದ ಕಂಬಗಳಲ್ಲಿ 5 ಮತ್ತು 6 ಹೆಚ್ಚುಕಡಿಮೆ ಒಂದೇ ಎತ್ತರ ಕಾಣಿಸುತ್ತವೆ. ನೋಡಿದವನು "ಏನೂ ಅಂಥ ವ್ಯತ್ಯಾಸ ಇಲ್ವಲ್ಲ" ಅಂದ್ಕೊಂಡು ಹೋಗ್ತಾನೆ.

ಮೂರು. ಸರಾಸರಿಯ ಕಂಬ ಒಂದು ವಿಷಯ ಮುಚ್ಚಿಡುತ್ತೆ. ಸುಣ್ಣ ಹಾಕಿದ ಸಾಲಿನಲ್ಲಿ ಆ 5.3 ನೋಡಿ. ಉಳಿದ ಐದರ ಜೊತೆ ಅದು ಸೇರೋದೇ ಇಲ್ಲ.

ಹಾಗಾಗಿ ಚುಕ್ಕಿ ಚಿತ್ರ ಮಾಡಿದೆವು. ಅಡ್ಡಕ್ಕೆ ಒಂದು ಗೆರೆ, ಅಳತೆಪಟ್ಟಿ ತರ, 4.5ರಿಂದ 6.5ರ ತನಕ. ಚುಕ್ಕಿ ಹೇಳೋದು ಜಾಗವನ್ನು, ಉದ್ದವನ್ನಲ್ಲ. ಅದಕ್ಕೇ ಗೆರೆ ಸೊನ್ನೆಯಿಂದ ಶುರುವಾಗಬೇಕಿಲ್ಲ. ಮೇಲಿನ ಸಾಲಿನಲ್ಲಿ ಸುಣ್ಣ ಹಾಕದ ಆರು ಚುಕ್ಕಿ, ಕೆಳಗಿನ ಸಾಲಿನಲ್ಲಿ ಹಾಕಿದ ಆರು ಚುಕ್ಕಿ. ಗುಡ್ಡದಲ್ಲಿ ಬ್ಲಾಕುಗಳು ಇರೋದೂ ಹಾಗೇ, ಒಂದು ಮೇಲೆ, ಒಂದು ಕೆಳಗೆ. ಪ್ರತಿ ಸಾಲಿನ ನಡುಬೆಲೆಗೆ ಒಂದು ಸಣ್ಣ ಉದ್ದಗೆರೆ: 5.1 ಮತ್ತು 6.05. ಕಾಫಿಗೆ ಒಳ್ಳೆಯದು ಅಂತ ಸಾಮಾನ್ಯವಾಗಿ ಹೇಳೋ 6.0ರಿಂದ 6.5ರ ಜಾಗಕ್ಕೆ ತಿಳಿ ಬಣ್ಣದ ಪಟ್ಟಿ. ಯಾವ ಚುಕ್ಕಿ ಪಟ್ಟಿಯೊಳಗಿದೆ, ಯಾವುದು ಹೊರಗಿದೆ ಅಂತ ವಿವರಣೆ ಓದದೇ ಗೊತ್ತಾಗುತ್ತೆ.

ಮಾಡೋದು ಕಷ್ಟ ಇಲ್ಲ. ಸ್ಪ್ರೆಡ್‌ಶೀಟಿನ ಮೊದಲ ಕಾಲಮ್ಮಿನಲ್ಲಿ ಪಿಎಚ್, ಎರಡನೇದರಲ್ಲಿ ಸಾಲಿನ ನಂಬರ್ ಹಾಕಿ, ಹಾಕದ ಬ್ಲಾಕಿಗೆ 2, ಹಾಕಿದ್ದಕ್ಕೆ 1. Scatter ಚಾರ್ಟ್ ಆರಿಸಿ. ಒಂದೇ ಬೆಲೆಯ ಎರಡು ಚುಕ್ಕಿ ಒಂದರ ಮೇಲೊಂದು ಕೂತು ಒಂದೇ ಕಾಣಿಸುತ್ತವೆ. ನಮ್ಮ 5.1 ಎರಡಿದ್ದವು, 6.1 ಕೂಡ ಎರಡು. ಅಂಥ ಕಡೆ ಸಾಲಿನ ನಂಬರನ್ನು ಸ್ವಲ್ಪ ಸರಿಸಿ, 5.1ಕ್ಕೆ 1.95 ಮತ್ತು 2.05, 6.1ಕ್ಕೆ 0.95 ಮತ್ತು 1.05. ಪಿಎಚ್ ಮುಟ್ಟಬೇಡಿ. ಕೊನೆಗೆ ಚುಕ್ಕಿ ಎಣಿಸಿ, 12 ಇರಲೇಬೇಕು.

4/7

ಆ ಒಂಟಿ 5.3 ಬಗ್ಗೆ ಪೂರ್ತಿ ಒಂದು ಪೋಸ್ಟ್ ಬೇಕು. ಪೋಸ್ಟರ್ ಚೆಂದ ಕಾಣಲಿ ಅಂತ ಇಂಥ ಚುಕ್ಕಿಯನ್ನು ಅಳಿಸೋಕೆ ಎಲ್ಲರಿಗೂ ಆಸೆ ಆಗುತ್ತೆ.

ಅಳಿಸೋಕೆ ಮುಂಚೆ ರಿಪೋರ್ಟ್ ತೆಗೆದು ನೋಡಬೇಕು. ನಮ್ಮ ರಿಪೋರ್ಟಿನಲ್ಲಿ ವಿಧಾನ ಬರೆದಿತ್ತು: 9 ಇಂಚು ಆಳದ ತನಕ ಮಣ್ಣು ತೆಗೆದು, ನೆರಳಲ್ಲಿ ಒಣಗಿಸಿ, ಜರಡಿ ಹಿಡಿದು, 20 ಗ್ರಾಂ ಮಣ್ಣಿಗೆ 50 ಮಿಲಿ ಡಿಸ್ಟಿಲ್ಡ್ ನೀರು ಹಾಕಿ, ಆಗಾಗ ಕಲಕಿ, ಅರ್ಧ ಗಂಟೆ ಬಿಟ್ಟು ಓದಿದ್ದು. ಮೀಟರನ್ನು ಪಿಎಚ್ 4 ಮತ್ತು 7ರ ಬಫರ್‌ನಲ್ಲಿ ಸರಿ ಮಾಡಿದ್ದು. ಆ ಸ್ಯಾಂಪಲನ್ನು ಎರಡನೇ ಸಲ ಓದಿದಾಗಲೂ 5.3 ಬಂದಿತ್ತು. ಅಂದರೆ ಮೀಟರಿನ ಎಡವಟ್ಟಲ್ಲ. ಸ್ಯಾಂಪಲ್ ತೆಗೆದ ಜಾಗದ ನಕ್ಷೆ ನೋಡಿದರೆ, ಅದು ಕೆಳಗಿನ ಬ್ಲಾಕಿನ ಮೇಲಂಚಿನಲ್ಲಿತ್ತು, ಸುಣ್ಣ ಹಾಕದ ಬ್ಲಾಕಿಗೆ ತಾಗಿಕೊಂಡು.

ಅಲ್ಲಿಗೆ ಸುಣ್ಣ ಎರಚುವವರ ಕೈ ತಲುಪಿರಲಿಲ್ಲವೋ, ಮೇಲಿನ ಮಣ್ಣು ಮಳೆಗೆ ಜಾರಿ ಬಂದಿತ್ತೋ, ಎರಡೂ ಸಾಧ್ಯ. ಪೋಸ್ಟರಿನಲ್ಲಿ ಕಾರಣ ಬರೆಯಲಿಲ್ಲ. ಚುಕ್ಕಿಯನ್ನು ಹಾಗೇ ಬಿಟ್ಟು, ಅದರಿಂದ ಒಂದು ಸಣ್ಣ ಗೆರೆ ಎಳೆದು ಮೂರು ಪದ ಬರೆದೆವು: "ಬ್ಲಾಕಿನ ಮೇಲಂಚಿನ ಸ್ಯಾಂಪಲ್."

ಪ್ರದರ್ಶನದ ದಿನ ಜನ ಬೆರಳಿಟ್ಟು ಕೇಳಿದ್ದು ಅದನ್ನೇ. ತೋಟದವರೊಬ್ಬರು "ನಮ್ಮಲ್ಲೂ ಅಂಚಿಗೆ ಸುಣ್ಣ ಸರಿಯಾಗಿ ಬೀಳಲ್ಲ ಕಣಪ್ಪಾ" ಅಂದರು. ಅಳಿಸಿದ್ದರೆ ಆ ಮಾತೇ ಬರ್ತಿರಲಿಲ್ಲ.

5/7

ಇನ್ನು ತೆಗೆದುಹಾಕೋ ಕೆಲಸ. ಪ್ರತಿ ಪ್ಯಾರಾಗೂ ಒಂದೇ ಪ್ರಶ್ನೆ: "ಇದಿಲ್ಲದಿದ್ದರೆ ದೊಡ್ಡ ವಾಕ್ಯ ಅಥವಾ ಚಿತ್ರ ಅರ್ಥವಾಗಲ್ವಾ?" ಅರ್ಥವಾಗುತ್ತೆ ಅಂದರೆ ಆ ಪ್ಯಾರಾ ರಿಪೋರ್ಟಿನಲ್ಲೇ ಇರಲಿ.

ಪಿಎಚ್ ಅಂದರೇನು ಅನ್ನೋ ಪುಟ ಹೋಯ್ತು. ಅದರ ಬದಲು ಅಳತೆಗೆರೆಯ ಎಡತುದಿಗೆ "ಹೆಚ್ಚು ಹುಳಿ", ಬಲತುದಿಗೆ "ಕಡಿಮೆ ಹುಳಿ" ಅಂತ ಬರೆದೆವು. ಸಾಮಗ್ರಿಗಳ ಪಟ್ಟಿ ಹೋಯ್ತು. ಆನೆ ಓಡಾಟದ ಸುದ್ದಿ ಇದ್ದದ್ದಕ್ಕೆ ಮೇಲಿನ ಬ್ಲಾಕಿನ ಕೆಲಸವನ್ನು ಬೆಳಗ್ಗೆಯೇ ಮುಗಿಸಿದ ಕಥೆ ರಿಪೋರ್ಟಿನಲ್ಲಿ ಇತ್ತು. ನಮ್ಮ ಕಡೆಯವರಿಗೆ ಹೊಸದಲ್ಲ, ಮಣ್ಣಿನ ಪಿಎಚ್‌ಗೆ ಸಂಬಂಧವೂ ಇಲ್ಲ. ಅದೂ ಹೋಯ್ತು.

ವಿಧಾನ ಮಾತ್ರ ಪೂರ್ತಿ ಹೋಗಬಾರದು. ನೋಡುವವರಿಗೆ ನಂಬಿಕೆ ಬರೋದು ಅಲ್ಲಿಂದಲೇ. ಅದನ್ನು ಮೂರು ಸಣ್ಣ ಚಿತ್ರವಾಗಿ ಎಡಬದಿಗೆ ಇಟ್ಟೆವು. ಗುಡ್ಡದ ಇಳಿಜಾರಿನ ರೇಖಾಚಿತ್ರ, ಅದರಲ್ಲಿ 12 ಸ್ಯಾಂಪಲ್ ಜಾಗ. ಗುಂಡಿಯ ಅಡ್ಡಸೀಳು, ಪಕ್ಕದಲ್ಲಿ "9 ಇಂಚು". ಬೀಕರ್, ಕೆಳಗೆ "20 ಗ್ರಾಂ ಮಣ್ಣು + 50 ಮಿಲಿ ನೀರು." ಇಳಿಜಾರಿನ ಚಿತ್ರಕ್ಕೆ ಇನ್ನೊಂದು ಲಾಭ ಇದೆ. ಸುಣ್ಣ ಹಾಕಿದ್ದು ಕೆಳಗಿನ ಬ್ಲಾಕಿಗೆ ಅನ್ನೋದನ್ನ ಅದು ಬಚ್ಚಿಡಲ್ಲ. ಗೊತ್ತಿರೋರು ನೋಡಿದ ತಕ್ಷಣ ಇಳಿಜಾರಿನ ಪ್ರಶ್ನೆ ಕೇಳ್ತಾರೆ, ಕೇಳಲೇಬೇಕು.

ಬಣ್ಣ ಎರಡೇ: ಹಾಕದ ಬ್ಲಾಕಿಗೆ ಕಿತ್ತಳೆ, ಹಾಕಿದ್ದಕ್ಕೆ ನೀಲಿ. ಕೆಂಪು-ಹಸಿರು ಜೋಡಿ ಬೇಡ, ಕೆಲವರ ಕಣ್ಣಿಗೆ ಅವೆರಡೂ ಒಂದೇ ತರ ಕಾಣುತ್ತವೆ. ಬಣ್ಣದ ಅರ್ಥ ಹೇಳೋ ಪೆಟ್ಟಿಗೆಯನ್ನು ಮೂಲೆಗೆ ಹಾಕೋ ಬದಲು ಸಾಲಿನ ಪಕ್ಕದಲ್ಲೇ "ಸುಣ್ಣ ಹಾಕಿಲ್ಲ", "ಸುಣ್ಣ ಹಾಕಿದೆ" ಅಂತ ಬರೀರಿ. ಕಣ್ಣು ಮೂಲೆಗೂ ಚಿತ್ರಕ್ಕೂ ಓಡಾಡೋದು ತಪ್ಪುತ್ತೆ.

ಪೂರ್ತಿ ರಿಪೋರ್ಟ್ ಬೇಕು ಅನ್ನೋರಿಗೆ ಕ್ಯೂಆರ್ ಕೋಡ್ ಹಾಕೋದು ಈಗ ವಾಡಿಕೆ. ಆದರೆ ನಮ್ಮ ಗುಡ್ಡಗಳ ನೆಟ್‌ವರ್ಕ್ ಹೇಗೆ ಅಂತ ನಿಮಗೆ ಗೊತ್ತಲ್ವಾ? ರಿಪೋರ್ಟಿನ ಒಂದು ಪ್ರತಿಗೆ ದಾರ ಕಟ್ಟಿ ಪೋಸ್ಟರಿನ ಪಕ್ಕದಲ್ಲೇ ನೇತುಹಾಕಿ. ಆಸಕ್ತಿ ಇದ್ದವರು ನಿಂತು ತಿರುವಿ ಹಾಕ್ತಾರೆ.

6/7

ಅಕ್ಷರ ಎಷ್ಟು ದೊಡ್ಡದಿರಬೇಕು? ಊಹೆ ಬೇಡ, ಲೆಕ್ಕ ಇದೆ.

ನಮ್ಮ ಪೋಸ್ಟರ್ ಎ1 ಅಳತೆ, ಅಂದರೆ 594 × 841 ಮಿಲಿಮೀಟರ್. ಫ್ಲೆಕ್ಸ್ ಅಂಗಡಿಯವರ ಲೆಕ್ಕದಲ್ಲಿ ಸುಮಾರು 2 ಅಡಿಗೆ ಮುಕ್ಕಾಲು ಕಮ್ಮಿ 3 ಅಡಿ ಅಲ್ಲ, ಎರಡೂ ಮುಕ್ಕಾಲು ಅಡಿ ಅಂತ ಸರಿಯಾಗಿ ಹೇಳಿ. ಎ4 ಹಾಳೆಯ ಅಗಲ 210 ಮಿಮೀ. 594ನ್ನು 210ರಿಂದ ಭಾಗಿಸಿದರೆ ಸುಮಾರು 2.8. ಅಂದರೆ ಪೋಸ್ಟರನ್ನು ಎ4ನಲ್ಲಿ ಪ್ರಿಂಟ್ ತೆಗೆದರೆ ಎಲ್ಲವೂ 2.8 ಪಟ್ಟು ಚಿಕ್ಕದಾಗುತ್ತೆ. ದೂರವನ್ನೂ 2.8ರಿಂದ ಭಾಗಿಸಿದರೆ ಕಣ್ಣಿಗೆ ಎರಡೂ ಒಂದೇ. ಒಂದೂವರೆ ಮೀಟರ್ ದೂರದಿಂದ ಪೋಸ್ಟರ್ ಹೇಗೆ ಕಾಣುತ್ತೋ, ಸುಮಾರು 53 ಸೆಂಟಿಮೀಟರ್ ದೂರದಿಂದ ಆ ಎ4 ಹಾಳೆ ಹಾಗೇ ಕಾಣುತ್ತೆ.

ಪರೀಕ್ಷೆ ಹೀಗೆ. ಎ4 ಪ್ರಿಂಟನ್ನು ಕೈ ಮುಂದೆ ಚಾಚಿ ಹಿಡೀರಿ. ಅತಿ ಸಣ್ಣ ಅಕ್ಷರವೂ ಕಣ್ಣು ಕಿರಿದು ಮಾಡದೇ ಓದೋಕೆ ಬರಬೇಕು. ಆಮೇಲೆ ಅದನ್ನು ಗೋಡೆಗೆ ಹಚ್ಚಿ ಒಂದೂಕಾಲು, ಒಂದೂವರೆ ಮೀಟರ್ ಹಿಂದೆ ಬನ್ನಿ. ಹಾಲಿನ ಆಚೆ ಕಡೆ ನಿಂತವರಿಗೆ ಪೋಸ್ಟರ್ ಕಾಣೋದು ಹೀಗೆ. ಆಗ ದೊಡ್ಡ ವಾಕ್ಯ ಮತ್ತು ಚುಕ್ಕಿಗಳು ಎರಡು ಗುಂಪಾಗಿರೋದು, ಈ ಎರಡು ಕಂಡರೆ ಸಾಕು. ನಮ್ಮದರಲ್ಲಿ ದೊಡ್ಡ ವಾಕ್ಯ 100 ಪಾಯಿಂಟ್, ಚಿತ್ರದ ಹೆಸರುಗಳು 36, ಅತಿ ಸಣ್ಣದು 28. ಎ4ನಲ್ಲಿ ಆ 28 ಸುಮಾರು 10 ಪಾಯಿಂಟ್ ಆಗುತ್ತೆ, ಪುಸ್ತಕದ ಅಕ್ಷರದಷ್ಟು.

ಕನ್ನಡಕ್ಕೆ ಇನ್ನೊಂದು ಮಾತು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತೆ, ಗುಡಿಸು ಮೇಲೆ ಏರುತ್ತೆ. ಇಂಗ್ಲಿಷಿಗೆ ಇಟ್ಟ ಸಾಲಿನ ಅಂತರ ಕನ್ನಡಕ್ಕೆ ಸಾಲಲ್ಲ, ಒತ್ತು ಹೋಗಿ ಕೆಳಗಿನ ಸಾಲಿಗೆ ತಾಗುತ್ತೆ. ಅಂತರವನ್ನು 1.3ರಿಂದ 1.5ಕ್ಕೆ ಏರಿಸಿ. ದೊಡ್ಡ ವಾಕ್ಯವನ್ನು ಅರ್ಥ ನಿಲ್ಲೋ ಕಡೆ ನೀವೇ ಮುರೀರಿ. ನಾವು "ಮಣ್ಣು," ಆದಮೇಲೆ ಮುರಿದದ್ದು ಅದಕ್ಕೇ.

ಅಂಗಡಿಗೆ ಪಿಡಿಎಫ್ ಮಾತ್ರ ಒಯ್ಯಿರಿ. ನುಡಿಯ ಹಳೇ ಫಾಂಟಿನಲ್ಲಿ ಬರೆದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅಕ್ಷರದ ಜಾಗದಲ್ಲಿ ಚಿತ್ರವಿಚಿತ್ರ ಗುರುತುಗಳು ಬರುತ್ತವೆ. ಯೂನಿಕೋಡ್ ಫಾಂಟ್ ಬಳಸಿ, ಉದಾಹರಣೆಗೆ Noto Sans Kannada. ಪಿಡಿಎಫ್ ಮಾಡಿದ ಮೇಲೆ ಅಡೋಬಿ ರೀಡರಿನಲ್ಲಿ Properties ತೆಗೆದು Fonts ನೋಡಿ. ಫಾಂಟಿನ ಹೆಸರಿನ ಮುಂದೆ Embedded Subset ಅಂತ ಇದ್ದರೆ ಯಾವ ಅಂಗಡಿಯಲ್ಲಿ ತೆರೆದರೂ ಅಕ್ಷರ ಕೆಡಲ್ಲ.

7/7

ದುಡ್ಡು ಕೊಟ್ಟು ಪ್ರಿಂಟ್ ಹಾಕಿಸೋಕೆ ಮುಂಚೆ ಕೊನೇ ಪರೀಕ್ಷೆ. ಅದೇ ಎ4 ಹಾಳೆಯನ್ನು, ನಿಮ್ಮ ಪ್ರಯೋಗದ ಗಂಧಗಾಳಿ ಇಲ್ಲದ ಒಬ್ಬರಿಗೆ ಹತ್ತು ಸೆಕೆಂಡ್ ತೋರಿಸಿ. ತಿರುಗಿಸಿಡಿ. "ಏನು ಹೇಳುತ್ತೆ ಇದು?" ಅಂತ ಕೇಳಿ. ಮಧ್ಯೆ ಬಾಯಿ ಹಾಕಬೇಡಿ.

ನಾವು ತೋರಿಸಿದ್ದು ಕ್ಲಾಸ್‌ಮೇಟಿನ ದೊಡ್ಡಪ್ಪನಿಗೆ. ಹತ್ತು ಸೆಕೆಂಡ್ ನೋಡಿ ಅವರು ಹೇಳಿದ್ದು: "ಸುಣ್ಣ ಹಾಕಿದ ಕಡೆ ಹುಳಿ ಕಮ್ಮಿ ಇದೆ. ಒಂದು ಕಡೆ ಮಾತ್ರ ಇಲ್ಲ." ಚುಕ್ಕಿ ಕೂಡ ಕಂಡಿತ್ತು! ಆಮೇಲೆ ಅವರೇ ಕೇಳಿದರು: "ಸರಿ ಮಗಾ, ಹಾಗಾದ್ರೆ ಎಕರೆಗೆ ಎಷ್ಟು ಚೀಲ ಹಾಕ್ಬೇಕು?"

ಇದಕ್ಕೆ ನಮ್ಮ ಡೇಟಾದಲ್ಲಿ ಉತ್ತರ ಇಲ್ಲ. ಒಂದೇ ಪಿಎಚ್ ಇರೋ ಎರಡು ಮಣ್ಣಿಗೆ ಬೇರೆ ಬೇರೆ ಪ್ರಮಾಣದ ಸುಣ್ಣ ಬೇಕಾಗಬಹುದು. ಜೇಡಿ ಮತ್ತು ಸಾವಯವ ಅಂಶ ಹೆಚ್ಚಿರೋ ಮಣ್ಣು ಬದಲಾವಣೆಯನ್ನು ಜಾಸ್ತಿ ತಡೆಯುತ್ತೆ, ಅದಕ್ಕೆ ಜಾಸ್ತಿ ಸುಣ್ಣ ಬೇಕು. ಎಷ್ಟು ಅಂತ ಹೇಳೋಕೆ ಬಫರ್ ಪಿಎಚ್ ಅನ್ನೋ ಇನ್ನೊಂದು ಪರೀಕ್ಷೆ ಇದೆ. ನಾವು ನೀರಿನಲ್ಲಿ ಓದಿದ್ದಷ್ಟೇ.

ಆದರೆ ತೋಟದವರು ಆ ಪ್ರಶ್ನೆ ಕೇಳೇ ಕೇಳ್ತಾರೆ. ನಮ್ಮ ಚಿತ್ರ ನೋಡಿ ತಾವೇ ಒಂದು ಲೆಕ್ಕ ಹಾಕಿಕೊಂಡು ಹೋಗಬಾರದು. ಸುಣ್ಣ ಹೆಚ್ಚಾದರೂ ತೊಂದರೆಯೇ, ಸತು, ಕಬ್ಬಿಣದಂಥ ಸಣ್ಣ ಪೋಷಕಾಂಶಗಳು ಗಿಡಕ್ಕೆ ಸಿಗೋದು ಕಮ್ಮಿಯಾಗುತ್ತೆ. ಹಾಗಾಗಿ ಪೋಸ್ಟರಿನ ಕೆಳಗೆ, ಚಿತ್ರದ ಹೆಸರುಗಳಷ್ಟೇ ದೊಡ್ಡ ಅಕ್ಷರದಲ್ಲಿ, ಒಂದು ಸಾಲು ಸೇರಿತು:

"ನಿಮ್ಮ ತೋಟಕ್ಕೆ ಎಷ್ಟು ಸುಣ್ಣ ಅನ್ನೋದನ್ನ ಈ ಪೋಸ್ಟರ್ ಹೇಳುವುದಿಲ್ಲ. ಮೊದಲು ನಿಮ್ಮ ಮಣ್ಣು ಪರೀಕ್ಷೆ ಮಾಡಿಸಿ."

ಎಲ್ಲಿ ಅಂತ ಕೇಳಿದವರಿಗೆ ಬಾಯಲ್ಲಿ ಹೇಳಿದೆವು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಹತ್ತಿರ, 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇದೆ, ಈಗ ಅದು ಕಾಫಿ ಬೋರ್ಡಿನದು. ಸ್ಯಾಂಪಲ್ ಹೇಗೆ ತೆಗೀಬೇಕು ಅನ್ನೋದನ್ನು ಎಡಬದಿಯ ಗುಂಡಿಯ ಚಿತ್ರ ತೋರಿಸಿಯೇ ವಿವರಿಸಿದೆವು.

ಕೊನೆಗೆ ಪೋಸ್ಟರಿನಲ್ಲಿ ಉಳಿದದ್ದು ಎಣಿಸಿದರೆ ಒಂದು ದೊಡ್ಡ ವಾಕ್ಯ, ಒಂದು ಚುಕ್ಕಿ ಚಿತ್ರ, ಮೂರು ಪುಟ್ಟ ರೇಖಾಚಿತ್ರ, ಒಂದು ಎಚ್ಚರಿಕೆ ಸಾಲು, ನಮ್ಮ ಹೆಸರುಗಳು. ಉಳಿದ ಹದಿನೆಂಟು ಪುಟ ದಾರಕ್ಕೆ ನೇತಾಡ್ತಿತ್ತು.

ನಿಮ್ಮ ರಿಪೋರ್ಟಿನ ಆ ಒಂದು ವಾಕ್ಯ ಏನು? ಕಾಮೆಂಟಲ್ಲಿ ಬರೀರಿ. ಜೊತೆಗೆ ಎಷ್ಟು ಸ್ಯಾಂಪಲ್ ಅಂತಲೂ ಬರೀರಿ. ವಾಕ್ಯದ ಭಾರ ಅಷ್ಟು ಸ್ಯಾಂಪಲ್ ಹೊರುತ್ತಾ ಅಂತ ಎಲ್ಲರೂ ಸೇರಿ ನೋಡೋಣ.

#ಸಕಲೇಶಪುರ #ಆಲೂರು #ಕಾಫಿತೋಟ #ಲ್ಯಾಬ್‌ರಿಪೋರ್ಟ್ #ಪೋಸ್ಟರ್